ಸಹಾಯ ಬೇಕು: ಸರ್ವೈವಲ್ ಕರ್ವ್‌ನ ಬಾಲವನ್ನು ಎಷ್ಟು ನಂಬಬಹುದು?

ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ಔಷಧಿಯೊಂದರ ಟ್ರಯಲ್‌ನ ಕಪ್ಲಾನ್-ಮೇಯರ್ ಚಿತ್ರ ಓದುತ್ತಿದ್ದೇನೆ, ಅಂದರೆ ತಿಂಗಳು ಕಳೆದಂತೆ ಶೇಕಡಾ ಎಷ್ಟು ರೋಗಿಗಳು ಬದುಕಿದ್ದಾರೆ ಅಂತ ಹೊಸ ಔಷಧಿಯ ಗುಂಪಿಗೊಂದು, ಹೋಲಿಕೆಯ ಗುಂಪಿಗೊಂದು ಗೆರೆಯಲ್ಲಿ ತೋರಿಸುವ ಚಿತ್ರ. ಎರಡು ಕಡೆ ಗೊಂದಲ ಇದೆ.

ಹೊಸ ಔಷಧಿಯ ಗೆರೆ 30 ತಿಂಗಳ ನಂತರ 40%ರಲ್ಲಿ ಚಪ್ಪಟೆಯಾಗಿದೆ. ಇಷ್ಟು ಜನ ಗುಣವಾದರು ಅಂತ ಮೊದಲು ಖುಷಿಪಟ್ಟೆ. ಆದರೆ ಆ ಭಾಗದ ತುಂಬಾ ಸಣ್ಣ ಗೀಟುಗಳಿವೆ. ಒಂದೊಂದು ಗೀಟೂ ಸೆನ್ಸಾರಿಂಗ್ ಅಲ್ವಾ? ಅಂದರೆ ಆ ರೋಗಿ ಅಲ್ಲಿಯವರೆಗೆ ಬದುಕಿದ್ದರು, ಮುಂದಿನದು ನಮಗೆ ಗೊತ್ತಿಲ್ಲ. ಗೀಟು ಬಿದ್ದಾಗ ಗೆರೆ ಇಳಿಯುವುದಿಲ್ಲ, ಆದರೆ ಲೆಕ್ಕದಲ್ಲಿ ಉಳಿದವರು ಕಡಿಮೆಯಾಗುತ್ತಾರೆ. ಚಿತ್ರದ ಕೆಳಗಿನ ಪಟ್ಟಿಯಲ್ಲಿ 36ನೇ ತಿಂಗಳಿಗೆ ಉಳಿದಿರುವುದು ಬರೀ 5 ಜನ. ಅವರಲ್ಲಿ ಒಬ್ಬರು ತೀರಿಕೊಂಡರೂ 40 × 4/5, ಗೆರೆ ಒಂದೇ ಏಟಿಗೆ 32%ಕ್ಕೆ ಬೀಳುತ್ತದೆ. ಹಾಗಾದರೆ ಈ 40% ಹೇಳುವಾಗ ವಿಶ್ವಾಸಾಂತರವನ್ನೂ ಕೊಡಲೇಬೇಕು ಅಂತ ನನಗನ್ನಿಸುತ್ತದೆ. ಸರಿಯೇ?

ಎರಡನೆಯದು, ಹಜಾರ್ಡ್ ರೇಶಿಯೋ 0.70 ಅಂತ ಬರೆದಿದ್ದಾರೆ. ಇದನ್ನು ‘30% ಜನ ಹೆಚ್ಚು ಬದುಕಿದರು’ ಅಂತ ಓದಬಾರದು, ಯಾವುದೇ ಹೊತ್ತಿನಲ್ಲಿ ಇನ್ನೂ ಬದುಕಿರುವವರಲ್ಲಿ ಸಾವಿನ ವೇಗ ಹೊಸ ಔಷಧಿಯ ಗುಂಪಿನಲ್ಲಿ ಇನ್ನೊಂದು ಗುಂಪಿಗಿಂತ 30% ಕಡಿಮೆ ಎಂದರ್ಥ ಅಂತ ತಿಳಿದುಕೊಂಡಿದ್ದೇನೆ. ಆದರೆ ಇಲ್ಲಿ ಮೊದಲ 4 ತಿಂಗಳು ಎರಡೂ ಗೆರೆಗಳು ಒಂದರ ಮೇಲೊಂದು ಕೂತಿವೆ, ಆಮೇಲೆ ದೂರವಾಗುತ್ತವೆ. ಅನುಪಾತ ಉದ್ದಕ್ಕೂ ಒಂದೇ ಇಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಇಂಥ ಕಡೆ 0.70 ಸುಮ್ನೆ ಒಂದು ಸರಾಸರಿಯೇ? ಇದರ ಬದಲು 24 ತಿಂಗಳವರೆಗಿನ ಸರಾಸರಿ ಬದುಕಿನ ಅವಧಿಯನ್ನು ಎರಡೂ ಗುಂಪಿನಲ್ಲಿ ಹೋಲಿಸಿದರೆ ಜಾಸ್ತಿ ಪ್ರಾಮಾಣಿಕವೇ?

ಇದನ್ನು ದಿನಾ ನೋಡುವವರು ದಯವಿಟ್ಟು ತಿಳಿಸಿ.