ಸಹಾಯ ಬೇಕು: ಮೂರು ಕ್ರೆಡಿಟ್ ಕಾರ್ಡ್ ಬಾಕಿ, ಯಾವುದನ್ನು ಮೊದಲು ತೀರಿಸಬೇಕು?

ಸದಸ್ಯರಿಗೆ ನಮಸ್ಕಾರ. ನನ್ನ ಮೂರು ಕ್ರೆಡಿಟ್ ಕಾರ್ಡ್‌ಗಳಲ್ಲಿ ಕ್ರಮವಾಗಿ 18,000, 65,000 ಮತ್ತು 1,10,000 ರೂಪಾಯಿ ಬಾಕಿಯಿದ್ದು, ತಿಂಗಳ ಬಡ್ಡಿ ಶೇ 3, ಶೇ 3.4 ಮತ್ತು ಶೇ 3.75 ಇದೆ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ತಿಂಗಳಿಗೆ 20,000 ರೂಪಾಯಿ ಕಟ್ಟಬಲ್ಲೆ. ಶೇ 5ರ ಲೆಕ್ಕದಲ್ಲಿ ಮೂರೂ ಕಾರ್ಡ್‌ಗಳ ಕನಿಷ್ಠ ಮೊತ್ತ 9,650 ಆಗುವುದರಿಂದ, ಹೆಚ್ಚುವರಿಯಾಗಿ ಉಳಿಯುವುದು 10,350.

ದೊಡ್ಡ ಕಾರ್ಡ್‌ಗೆ ಕನಿಷ್ಠ ಮೊತ್ತವಾದ 5,500 ಮಾತ್ರ ಕಟ್ಟಿದರೆ, ಅದರಲ್ಲಿ ಸುಮಾರು 4,870 ಬಡ್ಡಿ ಮತ್ತು ತೆರಿಗೆಗೇ ಹೋಗುತ್ತದೆ. ಆದ್ದರಿಂದ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವ ಅವಲಾಂಚ್ ವಿಧಾನವೇ ಸರಿಯೆಂದು ಮೊದಲಿಗೆ ತೋರಿತು.

ಆದರೆ ಸಣ್ಣ ಬಾಕಿಯಿಂದ ಆರಂಭಿಸುವ ಸ್ನೋಬಾಲ್ ವಿಧಾನದಲ್ಲಿ 18,000ದ ಕಾರ್ಡ್ ಎರಡೇ ತಿಂಗಳಲ್ಲಿ ಮುಗಿಯುತ್ತದೆ. ಬಡ್ಡಿದರದ ಅಂತರ ಶೇ 0.75 ಮಾತ್ರವಾದ್ದರಿಂದ, ಇದರಿಂದಾಗುವ ನಷ್ಟ ತಿಂಗಳಿಗೆ ಹೆಚ್ಚೆಂದರೆ 160 ರೂಪಾಯಿ. ಬಾಕಿ ಇರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುವುದರಿಂದ, ಒಂದು ಕಾರ್ಡಾದರೂ ಪೂರ್ತಿ ಚುಕ್ತಾ ಆದರೆ ದಿನಸಿ, ಪೆಟ್ರೋಲ್ ಖರ್ಚಿಗೆ ಬಡ್ಡಿರಹಿತ ಅವಧಿ ಮರಳಿ ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರ. (ಅಲ್ಲಿಯವರೆಗೆ ಮೂರನ್ನೂ ಬಳಸುತ್ತಿಲ್ಲ.)

ಸಣ್ಣದನ್ನು ಮುಗಿಸಿ, ಮಧ್ಯದ್ದನ್ನು ಬಿಟ್ಟು, ನೇರವಾಗಿ ಶೇ 3.75ರ ಕಾರ್ಡ್‌ಗೆ ಹೋಗುವ ಈ ಮಿಶ್ರ ಕ್ರಮದಲ್ಲಿ ತೊಡಕೇನಾದರೂ ಇದೆಯೇ? ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್ಲಿನಲ್ಲಿ ಹಿಂದಿನ ದಿನಗಳ ಬಡ್ಡಿ ಬರುವುದುಂಟಷ್ಟೇ. ಅದನ್ನೂ ಕಟ್ಟಿದ ನಂತರವೇ ಬಡ್ಡಿರಹಿತ ಅವಧಿ ಆರಂಭವಾಯಿತೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.