ಕೆಲಸ ಒಪ್ಪಿಕೊಳ್ಳುವ ಮೇಲ್: ಭಾಷೆ ತಿದ್ದಬೇಕು, ತಾರೀಕು-ಸಂಬಳ ಮುಟ್ಟಬಾರದು

ಪೆರ್ಲದವಳು
ಬೆಂಗಳೂರಿನ ಒಂದು ಕನ್ನಡ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿದೆ. ನಾಳೆ ಸಂಜೆಯೊಳಗೆ ಒಪ್ಪಿಗೆಯ ಮೇಲ್ ಕಳಿಸಬೇಕು. ಅವರ ಪತ್ರದಲ್ಲಿ ಇರುವುದು ಹೀಗೆ: "ಸೇರುವ ದಿನ: 02-06-2025, ಮಂಗಳವಾರ. ಸಂಬಳ: ತಿಂಗಳಿಗೆ ಒಟ್ಟು ರೂ. 24,500/-".

ನಾನು ಬರೆದದ್ದು:

> ಮಾನ್ಯರೇ, ನೀವು ಕಳಿಸಿದ ಪತ್ರ ಸಿಕ್ಕಿತು. ನನಗೆ ಒಪ್ಪಿಗೆ ಇದ್ದೇನೆ. 02-06-2025, ಮಂಗಳವಾರ ಸೇರುವುದು ಆಗಬಹುದು. ತಿಂಗಳಿಗೆ ಒಟ್ಟು ರೂ. 24,500/- ಸಂಬಳವೂ ಆಗಬಹುದು. ಮನೆಯವರಿಗೂ ಸಂತೋಷವಾಗಿದೆ.

ಗೆಳತಿಗೆ ತೋರಿಸಿದೆ. ಭಾಷೆ ಚೆನ್ನಾಗಿ ಮಾಡಿಕೊಟ್ಟಳು. ಆದರೆ ತಾರೀಕು "ಜೂನ್ ಮೊದಲ ವಾರ" ಆಯಿತು, ಸಂಬಳ "ಸುಮಾರು 25 ಸಾವಿರ" ಆಯಿತು. ಓದಲು ಚಂದ ಉಂಟು, ಆದರೆ ಹೀಗೆ ಕಳಿಸಬಹುದಾ?

ಅಡಿಕೆತೋಟ
ಅದಿರಲಿ, 02-06-2025 ಸೋಮವಾರ ಅಲ್ವಾ? ಪತ್ರದಲ್ಲೇ ತಪ್ಪಿದೆ. ನೀವು 03-06-2025 ಎಂದು ಸರಿ ಮಾಡಿ ಕಳಿಸಿ, ಮುಗಿಯಿತು.

ಹೊಸಂಗಡಿ
ಸಂಬಳದ್ದು ಮೊದಲು ನೋಡಿ ಮಾರಾಯ್ರೆ. ನನಗೂ "ಒಟ್ಟು" ಎಂದೇ ಬರೆದಿದ್ದರು. ಪಿ.ಎಫ್. ಕಳೆದು ಕೈಗೆ ಬಂದದ್ದು ನೋಡಿದಾಗ ತಲೆಬಿಸಿ ಆಯಿತು. ನೀವು "ಕೈಗೆ ಸಿಗುವ 24,500" ಎಂದು ಈಗಲೇ ಬರೆದುಬಿಡಿ.

ಕುಂಬಳೆ ಮಾಸ್ತರು
ತಂಗಿ, ಇವರಿಬ್ಬರ ಮಾತನ್ನೂ ಮೇಲ್‌ಗೆ ಸೇರಿಸಬೇಡ. ಗೆಳತಿ ಬರೆದದ್ದೂ ಬೇಡ.

1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಅದರಲ್ಲಿ ಷರತ್ತು ಇರಬಾರದು. ಅವರು ಒಟ್ಟು 24,500 ಎಂದಾಗ ನೀನು "ಕೈಗೆ ಸಿಗುವ 24,500" ಎಂದರೆ ಅದು ಒಪ್ಪಿಗೆ ಅಲ್ಲ, ನಿನ್ನ ಕಡೆಯಿಂದ ಹೊಸ ಬೇಡಿಕೆ. 03 ಎಂದು ಬರೆದರೂ ಅದೇ ಕಥೆ. "ಸುಮಾರು" ಎಂದರೆ ಯಾವುದಕ್ಕೆ ಒಪ್ಪಿದೆ ಎಂದೇ ಗೊತ್ತಾಗುವುದಿಲ್ಲ.

ಅಡಿಕೆತೋಟದವರು ಹೇಳಿದ ವಾರ ಸರಿ, ಅದು ಸೋಮವಾರವೇ. ಆದರೆ ಅವರು ತಪ್ಪಿದ್ದು ತಾರೀಕಿನಲ್ಲೋ ವಾರದಲ್ಲೋ ನಮಗೆ ಹೇಗೆ ಗೊತ್ತು? ಅದನ್ನು ಅವರೇ ಹೇಳಬೇಕು. ಒಪ್ಪಿಗೆಯಲ್ಲಿ ಅವರು ಬರೆದ ಹಾಗೇ ಇರಲಿ. "02-06-2025 ಸೋಮವಾರ ಬರುತ್ತದೆ, ಯಾವ ದಿನ ಬರಲಿ" ಎಂದು ಬೇರೆ ಮೇಲ್‌ನಲ್ಲಿ ಕೇಳು.

ನಾನಾದರೆ ಹೀಗೆ ತಿದ್ದುತ್ತೇನೆ:

> ಮಾನ್ಯರೇ,
> ನೀವು ಕಳಿಸಿದ ನೇಮಕದ ಪತ್ರ ತಲುಪಿತು. ಅದರಲ್ಲಿರುವ ಷರತ್ತುಗಳಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.
>
> ಸೇರುವ ದಿನ: 02-06-2025, ಮಂಗಳವಾರ.
> ಸಂಬಳ: ತಿಂಗಳಿಗೆ ಒಟ್ಟು ರೂ. 24,500/-
>
> ಧನ್ಯವಾದಗಳು.

"ನನಗೆ ಒಪ್ಪಿಗೆ ಇದ್ದೇನೆ" ಎಂಬಲ್ಲಿ ಕರ್ತೃ ಒಂದು, ಕ್ರಿಯಾಪದ ಇನ್ನೊಂದು. "ಆಗಬಹುದು" ಎಂದರೆ ನಮ್ಮ ಕಡೆ ಒಪ್ಪಿದ ಹಾಗೇ, ಬೆಂಗಳೂರಿನವರಿಗೆ ಅನುಮಾನದ ಹಾಗೆ ಕೇಳೀತು. ಮನೆಯವರ ಸಂತೋಷ ಅವರಿಗೆ ಬೇಡ, ಆದರೆ ಇಟ್ಟರೂ ಕೆಡುವುದಿಲ್ಲ.

ಆ ಎರಡು ಸಾಲನ್ನು ಕೈಯಲ್ಲಿ ಟೈಪ್ ಮಾಡಬೇಡ, ಪತ್ರದಿಂದ ಕಾಪಿ ಮಾಡು. ತಿದ್ದಿ ಮುಗಿದ ಮೇಲೆ ಮೇಲ್ ತೆರೆದಿಟ್ಟು Ctrl+F ಒತ್ತಿ `24,500` ಹುಡುಕು. ಸಿಗದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಅಲ್ಪವಿರಾಮ ಬಿಟ್ಟು `24500` ಎಂದು ಹುಡುಕಿದರೆ ಸರಿಯಾಗಿದ್ದರೂ ಸಿಗುವುದಿಲ್ಲ, ಸುಮ್ನೆ ಗಾಬರಿಯಾಗಬೇಡ. ಆಮೇಲೆ `02-06-2025` ಕೂಡ ಹುಡುಕು.

ಅಡಿಕೆತೋಟ
ತಪ್ಪು ಎಂದು ಗೊತ್ತಿದ್ದೂ "ಮಂಗಳವಾರ" ಎಂದು ಬರೆದು ಒಪ್ಪುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಫೋನ್ ಮಾಡಿ ಕೇಳಿ, ಅವರು ಹೊಸ ಪತ್ರ ಕೊಟ್ಟ ಮೇಲೆ ಒಪ್ಪಬಹುದಲ್ಲ?

ಕುಂಬಳೆ ಮಾಸ್ತರು
ಸಮಯ ಇದ್ದರೆ ಅದೇ ಒಳ್ಳೆಯದು. ನಾಳೆ ಸಂಜೆಯ ಗಡುವು ದಾಟಿದರೆ ಪತ್ರವೇ ಬಿದ್ದುಹೋಗುತ್ತದೆ, ಅದಕ್ಕೆ ಹೇಳಿದ್ದು.

ಹೊಸಂಗಡಿ
ಹಾಗಾದರೆ ಪಿ.ಎಫ್. ಕಥೆ?

ಕುಂಬಳೆ ಮಾಸ್ತರು
ಅದೂ ಬೇರೆ ಪ್ರಶ್ನೆಯೇ. ಉದ್ಯೋಗಿಯ ಪಾಲು ಮೂಲ ವೇತನ ಮತ್ತು ತುಟ್ಟಿಭತ್ಯೆಯ 12%. ಮೂಲ ವೇತನ ಎಷ್ಟು ಎಂದು ಪತ್ರದಲ್ಲಿ ಇಲ್ಲದಿದ್ದರೆ ಕೈಗೆ ಬರುವುದನ್ನು ಲೆಕ್ಕ ಹಾಕಲು ಆಗುವುದಿಲ್ಲ. ಸಂಬಳದ ವಿವರ ಕೊಡಿ ಎಂದು ಕೇಳಬಹುದು. ಆದರೆ ಅದನ್ನು ಒಪ್ಪಿಗೆ ಕಳಿಸುವ ಮೊದಲೇ ಕೇಳಿದರೆ ಲಾಭ.

ಪೆರ್ಲದವಳು
ಬೆಳಿಗ್ಗೆಯೇ ಫೋನ್ ಮಾಡಿ ಸಂಬಳದ್ದು ಕೇಳಿದೆ ಮಾಸ್ತ್ರೇ. ಮೂಲ ವೇತನ 12,250 ಎಂದರು. ಅಂದರೆ ನನ್ನ ಪಾಲಿನ ಪಿ.ಎಫ್. 1,470, ಅಷ್ಟು ಹೋದರೆ ತೊಂದರೆ ಇಲ್ಲ. ವಾರದ ಬಗ್ಗೆ "ನೋಡಿ ಹೇಳುತ್ತೇವೆ" ಎಂದರು. ಒಪ್ಪಿಗೆ ಕಳಿಸಿದ್ದೇನೆ, ಎರಡೂ ಹುಡುಕಿ ನೋಡಿದೆ, ಇದ್ದವು. ವಾರದ ಪ್ರಶ್ನೆ ಬೇರೆ ಮೇಲ್‌ನಲ್ಲಿ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ. ಕಾಸರಗೋಡಿನಿಂದ ರೈಲಿಗೆ ಟಿಕೆಟ್ ಮಾತ್ರ ಸೋಮವಾರ ಅಲ್ಲಿರುವ ಹಾಗೆ ಮಾಡಿದ್ದೇನೆ.