ಅಪ್‌ಡೇಟ್: ಕಟ್ ದಾಟಿ ಮಿನುಗುತ್ತಿದ್ದ ಸಬ್‌ಟೈಟಲ್ ಸರಿಹೋಯ್ತು

ನಾನು ಕೇಳಿದ್ದು: "ಕಿರುಚಿತ್ರದಲ್ಲಿ ಶಾಟ್ ಬದಲಾದಾಗೆಲ್ಲ ಕನ್ನಡ ಸಬ್‌ಟೈಟಲ್ ಮಿನುಗಿದಂತೆ ಕಾಣುತ್ತೆ, ಯಾಕೆ?"

ತಪ್ಪು ನನ್ನದೇ. ಮಾತು ಮುಗಿಯುವ ತನಕ ಸಾಲು ಇಟ್ಟಿದ್ದೆ. ಅದು ಕಟ್ ದಾಟಿ 5 ಫ್ರೇಮ್ ಉಳಿಯುತ್ತಿತ್ತು. ಹೊಸ ಶಾಟ್ ಬಂದಾಗ ಹೊಸ ಸಾಲೇ ಬಂತೆಂದು ಕಣ್ಣು ಮತ್ತೆ ಓದಲು ಹೊರಡುತ್ತೆ, ಅಷ್ಟರಲ್ಲಿ ಸಾಲು ಮಾಯ. ಈಗ ಕಟ್‌ಗೆ 2 ಫ್ರೇಮ್ ಮೊದಲೇ ಮುಗಿಸಿದ್ದೇನೆ.

ಆದರೆ ಒಂದು ಕಡೆ ಉಳಿದದ್ದು ಒಂದೂವರೆ ಸೆಕೆಂಡ್ ಮಾತ್ರ. "ನಾನು ನಿನಗೆ ಆವತ್ತೇ ಹೇಳಿದ್ದೆ ತಾನೇ, ಅಲ್ಲಿಗೆ ಹೋಗಬೇಡ ಅಂತ": ಖಾಲಿ ಜಾಗ ಸೇರಿ 30 ಅಕ್ಷರ, ಅಂದ್ರೆ ಸೆಕೆಂಡಿಗೆ 20. ಓದೋಕಾಗಲ್ಲ. "ಆವತ್ತೇ ಹೇಳಿದ್ದೆ, ಅಲ್ಲಿಗೆ ಹೋಗಬೇಡ ಅಂತ" ಅಂತ ಮಾಡಿದೆ. ಸೆಕೆಂಡಿಗೆ 13 ಚಿಲ್ಲರೆ. ಒಂದೇ ಸಾಲಲ್ಲಿ ಕೂತಿತು ಕೂಡ. (ಒತ್ತಕ್ಷರವನ್ನು ನಾನು ಒಂದೇ ಅಂತ ಎಣಿಸಿದ್ದೇನೆ. ಸಾಫ್ಟ್‌ವೇರ್ "ದ್ದೆ"ಯನ್ನು ನಾಲ್ಕು ಅಂತ ಲೆಕ್ಕ ಹಾಕಿ ಸುಮ್ಮನೆ ಕೆಂಪು ತೋರಿಸುತ್ತಿತ್ತು.)